ಎವೆಯಿಕ್ಕದ ಕಣ್ಣು ಉರಿಯುತ್ತದೆ: ಪರದೆಯ ಮುಂದೆ ದುಡಿಯುವವರಿಗೆ ಒಣಕಣ್ಣಿನ ಆರೈಕೆ

ದಾವಣಗೆರೆಯ ಲೆಕ್ಕಪತ್ರದ ಕಚೇರಿಯೊಂದರಲ್ಲಿ ಕೆಲಸ ಮಾಡುವ 38 ವರ್ಷದ ಹೆಣ್ಣುಮಗಳೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಪ್ರತಿ ತಿಂಗಳು 11ರೊಳಗೆ ಒಂದು ಜಿಎಸ್‌ಟಿ ರಿಟರ್ನ್, 20ರೊಳಗೆ ಇನ್ನೊಂದು. ಆ ಎರಡು ತಾರೀಕುಗಳ ಹಿಂದಿನ ನಾಲ್ಕೈದು ದಿನ ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ಅವರು ಕಂಪ್ಯೂಟರ್ ಬಿಟ್ಟು ಏಳುವಂತಿಲ್ಲ. "ಸಂಜೆ ನಾಲ್ಕಾಗುತ್ತಿದ್ದಂತೆ ಕಣ್ಣಿಗೆ ಮರಳು ಹಾಕಿ ತಿಕ್ಕಿದ ಹಾಗಾಗುತ್ತದೆ ಮೇಡಂ. ಉರಿ, ಚುಚ್ಚುವುದು, ಅದರ ಜೊತೆಗೆ ನೀರೂ ಸುರಿಯುತ್ತದೆ. ಅಂಕಿ ಮಸುಕಾಗುತ್ತದೆ, ಒಮ್ಮೆ ಕಣ್ಣು ಮುಚ್ಚಿ ತೆರೆದರೆ ಸರಿಹೋಗುತ್ತದೆ" ಎಂದರು. ಕೈಚೀಲದಿಂದ ಒಂದು ಪುಟ್ಟ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಕಣ್ಣಿನ ಕೆಂಪು ತೆಗೆಯಲೆಂದು ಔಷಧದ ಅಂಗಡಿಯಲ್ಲಿ ಕೊಟ್ಟ ಹನಿ ಅದು. ನಾಲ್ಕು ತಿಂಗಳಿಂದ ದಿನಕ್ಕೆ ಮೂರು ಸಲ ಹಾಕಿಕೊಳ್ಳುತ್ತಿದ್ದರು.

ನಾನು ಕಣ್ಣಿನ ವೈದ್ಯೆಯಲ್ಲ, ಆಪ್ಟೋಮೆಟ್ರಿಸ್ಟ್. ವೈದ್ಯರು ನೋಡುವ ಮೊದಲು ದೃಷ್ಟಿಯನ್ನೂ ಕಣ್ಣೀರನ್ನೂ ಪರೀಕ್ಷಿಸುವ ಕೆಲಸ ನನ್ನದು. ಯಂತ್ರದ ಮುಂದೆ ಕೂರಿಸುವ ಮೊದಲು ಅವರ ಕೈಗೆ ಅವರದೇ ಮೊಬೈಲ್ ಕೊಟ್ಟು, ಬಂದಿರುವ ಸಂದೇಶಗಳನ್ನು ಓದುತ್ತಿರಿ ಎಂದೆ. ಏಕೆಂದು ಹೇಳಲಿಲ್ಲ. ಪಕ್ಕದಲ್ಲಿ ನಿಂತು ಒಂದು ನಿಮಿಷ ಅವರ ರೆಪ್ಪೆಗಳನ್ನೇ ನೋಡಿದೆ. ಆ ಒಂದು ನಿಮಿಷದಲ್ಲಿ ಅವರು ಕಣ್ಣು ಮಿಟುಕಿಸಿದ್ದು ಆರು ಸಲ. ಅದರಲ್ಲೂ ನಾಲ್ಕು ಸಲ ಮೇಲಿನ ರೆಪ್ಪೆ ಅರ್ಧದವರೆಗೆ ಇಳಿದು ಹಾಗೆಯೇ ಮೇಲಕ್ಕೆ ಹೋಯಿತು. ಕೆಳಗಿನ ರೆಪ್ಪೆಯನ್ನು ಮುಟ್ಟಿದ್ದು ಎರಡೇ ಸಲ.

ಅವರ ತೊಂದರೆ ಬಹುಪಾಲು ಆ ನಾಲ್ಕು ಅರ್ಧ ಮಿಟುಕುಗಳಲ್ಲಿತ್ತು. ಅದು ಹೇಗೆಂದು ಮೊದಲು ತಿಳಿದುಕೊಂಡರೆ ಮುಂದಿನ ಕ್ರಮಗಳನ್ನು ಯಾವ ಕಾರಣಕ್ಕಾಗಿ ಮಾಡುತ್ತಿದ್ದೇವೆ ಎಂಬುದು ನೆನಪಿನಲ್ಲಿ ಉಳಿಯುತ್ತದೆ.

ನೀರಿದ್ದರೂ ಒಣಗುವುದು ಏಕೆ

ಕಣ್ಣಿನ ಕರಿಗುಡ್ಡೆಯ ಮುಂದಿರುವ ಪಾರದರ್ಶಕ ಪೊರೆಯ ಹೆಸರು ಕಾರ್ನಿಯಾ. ಅದರ ಮೇಲೆ ಸದಾ ಕಣ್ಣೀರಿನ ತೆಳುಪದರವೊಂದು ಹರಡಿಕೊಂಡಿರುತ್ತದೆ. ಅದು ಬರೀ ನೀರಲ್ಲ. ಕಣ್ಣಿಗೆ ಅಂಟಿಕೊಂಡು ಒಂದು ಲೋಳೆ, ಅದರ ಮೇಲೆ ನೀರು, ಎಲ್ಲಕ್ಕಿಂತ ಮೇಲೆ ಎಣ್ಣೆಯ ಬಹಳ ತೆಳುವಾದ ಹೊದಿಕೆ. ಹಾಲಿನ ಮೇಲೆ ಕೆನೆ ಕಟ್ಟಿದಂತೆ ಈ ಎಣ್ಣೆ ಕೆಳಗಿನ ನೀರು ಆವಿಯಾಗದಂತೆ ಕಾಯುತ್ತದೆ.

ಎಣ್ಣೆ ಬರುವುದು ರೆಪ್ಪೆಯ ಅಂಚಿನಿಂದ. ರೆಪ್ಪೆಗೂದಲಿನ ಸಾಲಿನ ಹಿಂದೆ ಸೂಜಿಮೊನೆಯಷ್ಟು ಸಣ್ಣ ತೂತುಗಳ ಇನ್ನೊಂದು ಸಾಲಿದೆ. ಮೇಲಿನ ರೆಪ್ಪೆಯಲ್ಲಿ ಅಂಥವು 25ರಿಂದ 40, ಕೆಳಗಿನದರಲ್ಲಿ 20ರಿಂದ 30. ಒಂದೊಂದು ತೂತಿನ ಹಿಂದೆಯೂ ಒಂದೊಂದು ಎಣ್ಣೆಗ್ರಂಥಿ. 17ನೆಯ ಶತಮಾನದಲ್ಲಿ ಅವುಗಳನ್ನು ವಿವರಿಸಿದ ಜರ್ಮನಿಯ ವೈದ್ಯ ಹೈನ್ರಿಕ್ ಮೈಬೋಮನ ಹೆಸರಿನಿಂದ ಅವಕ್ಕೆ ಮೈಬೋಮಿಯನ್ ಗ್ರಂಥಿಗಳು ಎನ್ನುತ್ತಾರೆ. ಮೇಲಿನ ಮತ್ತು ಕೆಳಗಿನ ರೆಪ್ಪೆಗಳು ಒಂದನ್ನೊಂದು ಒತ್ತಿದಾಗ ಈ ಗ್ರಂಥಿಗಳಿಂದ ಎಣ್ಣೆ ಹೊರಗೆ ಬರುತ್ತದೆ. ರೆಪ್ಪೆ ಮೇಲೇಳುವಾಗ ಅದನ್ನು ಕಣ್ಣಿನ ಮೇಲೆಲ್ಲ ಸವರುತ್ತದೆ.

ಮಾತನಾಡುತ್ತಾ ಕುಳಿತಾಗ ನಾವು ನಿಮಿಷಕ್ಕೆ ಸುಮಾರು 15 ಸಲ ಕಣ್ಣು ಮಿಟುಕಿಸುತ್ತೇವೆ. ಪರದೆಯನ್ನು ನೋಡುವಾಗ ಅದು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಎವೆಯಿಕ್ಕದೆ ನೋಡುವುದು ಎಂದು ನಾವು ಏಕಾಗ್ರತೆಗೆ ಹೇಳುವ ಮಾತು ಅಕ್ಷರಶಃ ನಿಜ. ಸಂಖ್ಯೆ ಕಡಿಮೆಯಾದದ್ದಕ್ಕಿಂತ ಮಿಟುಕು ಅರೆಬರೆಯಾದದ್ದು ಹೆಚ್ಚು ಕೆಡುಕು ಮಾಡುತ್ತದೆ. ರೆಪ್ಪೆಗಳು ಒಂದನ್ನೊಂದು ಮುಟ್ಟದಿದ್ದರೆ ಎಣ್ಣೆ ಹೊರಬರುವುದಿಲ್ಲ, ಕಾರ್ನಿಯಾದ ಕೆಳಭಾಗಕ್ಕೆ ಕಣ್ಣೀರು ಸವರಿದಂತೆಯೂ ಆಗುವುದಿಲ್ಲ. ಹೊರಬಾರದ ಎಣ್ಣೆ ಗ್ರಂಥಿಯೊಳಗೇ ನಿಂತು ದಿನ ಕಳೆದಂತೆ ಗಟ್ಟಿಯಾಗುತ್ತದೆ. ಆಮೇಲೆ ಪೂರ್ತಿ ಮಿಟುಕಿಸಿದರೂ ಅದು ಸುಲಭವಾಗಿ ಬರುವುದಿಲ್ಲ.

"ನನ್ನ ಕಣ್ಣು ನೀರು ಸುರಿಸುತ್ತದೆ, ಒಣಕಣ್ಣು ಹೇಗಾದೀತು?" ಎಂದು ಆ ಹೆಣ್ಣುಮಗಳು ಕೇಳಿದರು. ಈ ಪ್ರಶ್ನೆಯನ್ನು ಬಹಳ ಮಂದಿ ಕೇಳುತ್ತಾರೆ. ಒಣಗಿದ ಜಾಗದಲ್ಲಿ ನರಗಳು ಕೆರಳಿದಾಗ ಈರುಳ್ಳಿ ಹೆಚ್ಚಿದಾಗ ಬರುವಂತಹ ನೀರು ಒಮ್ಮೆಲೇ ಉಕ್ಕುತ್ತದೆ. ಎಣ್ಣೆಯ ಹೊದಿಕೆ ಇಲ್ಲದ್ದರಿಂದ ಅದು ಕಣ್ಣಿನಲ್ಲಿ ನಿಲ್ಲದೆ ಕೆನ್ನೆಗಿಳಿಯುತ್ತದೆ, ಕಣ್ಣು ಮತ್ತೆ ಒಣಗುತ್ತದೆ.

ಮೊದಲು ನಿಮ್ಮ ಕಣ್ಣನ್ನು ನೀವೇ ಗಮನಿಸಿ

ಮನೆಯವರೊಬ್ಬರಿಗೆ ಹೇಳಿ, ನೀವು ಕೆಲಸದಲ್ಲಿ ಮುಳುಗಿರುವಾಗ ನಿಮಗೆ ತಿಳಿಯದಂತೆ ಎರಡು ನಿಮಿಷ ನಿಮ್ಮ ಮುಖದ ವಿಡಿಯೊ ತೆಗೆಸಿ. ಕನ್ನಡಿಯ ಮುಂದೆ ನೀವೇ ಎಣಿಸಹೊರಟರೆ ಎಣಿಸುತ್ತಿದ್ದೇವೆಂಬ ಎಚ್ಚರಕ್ಕೇ ಮಿಟುಕು ಹೆಚ್ಚಾಗಿ ಲೆಕ್ಕ ತಪ್ಪುತ್ತದೆ. ಆ ವಿಡಿಯೊವನ್ನು ನಿಧಾನಗತಿಯಲ್ಲಿ ನೋಡಿ. ಎಷ್ಟು ಸಲ ರೆಪ್ಪೆ ಇಳಿಯಿತು, ಅದರಲ್ಲಿ ಎಷ್ಟು ಸಲ ಕೆಳಗೆ ಬಿಳಿಯ ಗೆರೆ ಉಳಿಯಿತು ಎಂದು ಎಣಿಸಿ. ಗೆರೆ ಉಳಿದದ್ದೆಲ್ಲ ಅರ್ಧ ಮಿಟುಕು.

ಎರಡನೆಯದಾಗಿ, ಫ್ಯಾನ್ ಆರಿಸಿ ಕುಳಿತು, ಎರಡು ಸಲ ಚೆನ್ನಾಗಿ ಕಣ್ಣು ಮುಚ್ಚಿ ತೆರೆದು, ಆಮೇಲೆ ಮಿಟುಕಿಸದೆ ಎದುರಿನ ಗೋಡೆಯನ್ನು ನೋಡಿ. ಉರಿಯೋ ಚುಚ್ಚುವಿಕೆಯೋ ಎಷ್ಟು ಸೆಕೆಂಡಿಗೆ ಶುರುವಾಯಿತು ಎಂದು ಗಡಿಯಾರದಲ್ಲಿ ನೋಡಿಕೊಳ್ಳಿ. ಹತ್ತು ಸೆಕೆಂಡು ದಾಟುವ ಮೊದಲೇ ತಡೆಯಲಾರದಂತಾದರೆ ಕಣ್ಣೀರಿನ ಪದರ ಬೇಗ ಒಡೆಯುತ್ತಿರುವ ಸಾಧ್ಯತೆ ಹೆಚ್ಚು. ಇದು ಅಂದಾಜು ಮಾತ್ರ. ಆಸ್ಪತ್ರೆಯಲ್ಲಿ ಬಣ್ಣ ಹಾಕಿ ನೋಡುವ ಪರೀಕ್ಷೆಗೆ ಇದು ಸಾಟಿಯಲ್ಲ. ಆದರೆ ಆರೈಕೆ ಶುರುಮಾಡಿದ ಮೇಲೆ ವಾರಕ್ಕೊಮ್ಮೆ ಹೀಗೇ ನೋಡಿ ಬರೆದಿಟ್ಟುಕೊಂಡರೆ ಸುಧಾರಣೆ ಕಾಣುತ್ತದೆ.

ಮೂರನೆಯದು, ತೊಂದರೆ ದಿನದ ಯಾವ ಹೊತ್ತಿನಲ್ಲಿ ಹೆಚ್ಚು ಎಂಬುದು. ಬೆಳಿಗ್ಗೆ ಹಗುರವಾಗಿದ್ದು ಸಂಜೆಗೆ ಹೆಚ್ಚಿದರೆ ಪರದೆ ಮತ್ತು ಗಾಳಿಯ ಕಡೆ ಬೊಟ್ಟು ಮಾಡುತ್ತದೆ. ಏಳುವಾಗಲೇ ಕಣ್ಣು ಕರಕರ ಎನ್ನುತ್ತಿದ್ದರೆ ರಾತ್ರಿಯನ್ನು ಸಂಶಯಿಸಬೇಕು. ಕೆಲವರ ರೆಪ್ಪೆ ನಿದ್ದೆಯಲ್ಲಿ ಪೂರ್ತಿ ಮುಚ್ಚಿರುವುದಿಲ್ಲ, ಮೇಲೆ ಸೀಲಿಂಗ್ ಫ್ಯಾನ್ ತಿರುಗುತ್ತಲೇ ಇರುತ್ತದೆ. ಮಲಗಿದ ಮೇಲೆ ಮಂದ ಬೆಳಕಿನಲ್ಲಿ ಯಾರಾದರೂ ನೋಡಿದರೆ ತಿಳಿಯುತ್ತದೆ. ಉರಿಗಿಂತ ತುರಿಕೆಯೇ ಮುಖ್ಯವಾಗಿ, ಉಜ್ಜದೆ ಇರಲಾಗದಂತಿದ್ದರೆ ಅದು ಅಲರ್ಜಿಯಾಗಿರುವ ಸಂಭವ ಹೆಚ್ಚು. ಒಂದೇ ಕಣ್ಣಿಗೆ ತೊಂದರೆ ಇದ್ದರೆ ಪರದೆಯನ್ನು ದೂರಿ ಪ್ರಯೋಜನವಿಲ್ಲ, ಏಕೆಂದರೆ ಪರದೆ ಎರಡೂ ಕಣ್ಣನ್ನು ಒಣಗಿಸುತ್ತದೆ. ಮಸುಕಿನ ವಿಷಯವೂ ಹಾಗೆಯೇ. ಮಿಟುಕಿಸಿದ ಕೂಡಲೇ ತಿಳಿಯಾಗುವ ಮಸುಕು ಕಣ್ಣೀರಿನದು. ಎಷ್ಟು ಮಿಟುಕಿಸಿದರೂ ತಿಳಿಯಾಗದಿದ್ದರೆ ಕನ್ನಡಕದ ನಂಬರು ಅಥವಾ ಬೇರೇನಾದರೂ ಕಾರಣ ಇರುತ್ತದೆ.

ಹಂತ ಒಂದು: ಪೂರ್ತಿ ಮಿಟುಕು ಕಲಿಯುವುದು

ಇದು ಖರ್ಚಿಲ್ಲದ ಕ್ರಮ. ಎಲ್ಲರೂ ಕೇಳಿಸಿಕೊಂಡು ಬಿಟ್ಟುಬಿಡುವುದೂ ಇದನ್ನೇ. ದಯವಿಟ್ಟು ಬಿಡಬೇಡಿ. ಉಳಿದ ಯಾವ ಕ್ರಮವೂ ಇದರ ಜಾಗ ತುಂಬುವುದಿಲ್ಲ.

ತೋರುಬೆರಳುಗಳ ತುದಿಯನ್ನು ಎರಡೂ ಕಣ್ಣಿನ ಹೊರಮೂಲೆಯ ಪಕ್ಕ ಮೆಲ್ಲಗೆ ಇಟ್ಟುಕೊಳ್ಳಿ. ನಿದ್ದೆ ಬಂದಾಗ ರೆಪ್ಪೆ ತಾನಾಗಿ ಇಳಿಯುವಂತೆ ಕಣ್ಣು ಮುಚ್ಚಿ. ಬೆರಳಿನ ಕೆಳಗೆ ಚರ್ಮ ಸರಿದದ್ದು ತಿಳಿದರೆ ನೀವು ಮುಖದ ಸ್ನಾಯುವಿನಿಂದ ಕಣ್ಣು ಕಿವುಚುತ್ತಿದ್ದೀರಿ ಎಂದರ್ಥ. ಬರೀ ರೆಪ್ಪೆ ಇಳಿದರೆ ಬೆರಳಿಗೆ ಏನೂ ತಿಳಿಯುವುದಿಲ್ಲ. ಮುಚ್ಚಿದ ಮೇಲೆ ಎರಡು ಎಣಿಸುವಷ್ಟು ಹೊತ್ತು ಹಾಗೇ ಇರಿ. ತೆರೆಯಿರಿ. ಮತ್ತೆ ಮುಚ್ಚಿ, ಎರಡು ಎಣಿಸಿ, ಈ ಸಲ ರೆಪ್ಪೆಗಳನ್ನು ಒಂದಕ್ಕೊಂದು ಹಗುರವಾಗಿ ಒತ್ತಿ, ಸಡಿಲಿಸಿ, ತೆರೆಯಿರಿ. ಹೀಗೆ ಐದಾರು ಸಲ ಮಾಡಿದರೆ ಒಂದು ಸುತ್ತು. ಅದಕ್ಕೆ ಅರ್ಧ ನಿಮಿಷ ಸಾಕು.

ಇಪ್ಪತ್ತು ನಿಮಿಷಕ್ಕೊಂದು ಸುತ್ತು ಮಾಡಿದರೆ ಒಳ್ಳೆಯದು. ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಂಡವರು ಮೂರನೆಯ ದಿನಕ್ಕೆ ಅದನ್ನು ಆರಿಸಿಬಿಡುವುದನ್ನು ನೋಡಿದ್ದೇನೆ. ಅದರ ಬದಲು ಕೆಲಸದಲ್ಲಿ ತಾನಾಗಿ ಬರುವ ಯಾವುದಾದರೂ ಗಳಿಗೆಗೆ ಇದನ್ನು ಕಟ್ಟಿಹಾಕಿ. ಆ ಹೆಣ್ಣುಮಗಳು ಒಂದು ಬಿಲ್ಲಿನ ನಮೂದು ಮುಗಿಸಿ ಸೇವ್ ಒತ್ತಿದಾಗಲೆಲ್ಲ ಒಂದು ಪೂರ್ತಿ ಮಿಟುಕು ಎಂದು ಗೊತ್ತುಮಾಡಿಕೊಂಡರು. ದಿನಕ್ಕೆ ಇನ್ನೂರು ಮುನ್ನೂರು ಸಲ ಸೇವ್ ಒತ್ತುವವರಿಗೆ ಅದು ತಾನಾಗಿ ರೂಢಿಯಾಯಿತು. ಪುಟ ತಿರುವುವಾಗ, ಫೋನ್ ಎತ್ತುವಾಗ, ಫೈಲ್ ತೆರೆದುಕೊಳ್ಳಲು ಕಾಯುವಾಗ, ಹೀಗೆ ನಿಮ್ಮ ಕೆಲಸಕ್ಕೆ ಹೊಂದುವುದನ್ನು ಆರಿಸಿಕೊಳ್ಳಿ.

ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕೆಂಬ ಸಲಹೆಯನ್ನು ನೀವು ಕೇಳಿರುತ್ತೀರಿ. ಹತ್ತಿರದ ನೋಟಕ್ಕೆ ಬಿಗಿದುಕೊಂಡ ಕಣ್ಣಿನ ಒಳಸ್ನಾಯುವಿಗೆ ಅದರಿಂದ ಬಿಡುವು ಸಿಗುತ್ತದೆ. ಆದರೆ ದೂರವನ್ನೂ ಎವೆಯಿಕ್ಕದೆ ನೋಡಿದರೆ ಒಣಗಿದ ಕಣ್ಣಿಗೆ ಲಾಭವಿಲ್ಲ. ಕಿಟಕಿಯಾಚೆ ನೋಡುವ ಆ ಬಿಡುವಿನಲ್ಲಿಯೇ ಮೇಲಿನ ಸುತ್ತನ್ನೂ ಮುಗಿಸಿ.

ಹಂತ ಎರಡು: ಪರದೆ ಇಳಿಸಿ, ಗಾಳಿ ತಿರುಗಿಸಿ

ಮೇಲೆ ನೋಡುವಾಗ ಕಣ್ಣು ಅಗಲವಾಗಿ ತೆರೆದಿರುತ್ತದೆ, ಕೆಳಗೆ ನೋಡುವಾಗ ರೆಪ್ಪೆ ಅರ್ಧ ಇಳಿದು ಕಣ್ಣನ್ನು ಮುಚ್ಚಿಕೊಂಡಿರುತ್ತದೆ. ತೆರೆದ ಜಾಗ ಹೆಚ್ಚಾದಷ್ಟೂ ಕಣ್ಣೀರು ಬೇಗ ಆರುತ್ತದೆ. ಅವರ ಕಚೇರಿಯಲ್ಲಿ ಮೇಜಿನ ಮೇಲೆ ಜಾಗ ಉಳಿಯಲೆಂದು ಮಾನಿಟರನ್ನು ಸಿಪಿಯು ಪೆಟ್ಟಿಗೆಯ ಮೇಲೆ ಏರಿಸಿದ್ದರು. ದಿನವಿಡೀ ಅವರು ಗಲ್ಲ ಎತ್ತಿ ನೋಡುತ್ತಿದ್ದರು. ಅದನ್ನು ಮೇಜಿನ ಮೇಲೆ ಇಳಿಸಿದ್ದು ಅವರು ಮಾಡಿದ ಮೊದಲ ಬದಲಾವಣೆ. ನೇರ ಕುಳಿತಾಗ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಬೇಕು. ಅಂತರ ಒಂದು ಕೈಯಳತೆ, ಅಂದರೆ ಸುಮಾರು 60 ಸೆಂಟಿಮೀಟರ್. ಕತ್ತುನೋವಿಗೆಂದು ಲ್ಯಾಪ್‌ಟಾಪನ್ನು ಪುಸ್ತಕಗಳ ಮೇಲೆ ಏರಿಸುವವರು ಈ ಮಿತಿಯನ್ನು ದಾಟಿಸಬಾರದು.

ಅಕ್ಷರದ ಗಾತ್ರ ಹೆಚ್ಚಿಸಿ. ಚಿಕ್ಕ ಅಕ್ಷರಕ್ಕೆ ಕಣ್ಣು ಕಿರಿದು ಮಾಡಿ ದಿಟ್ಟಿಸುವಾಗ ಮಿಟುಕು ಮತ್ತೂ ನಿಲ್ಲುತ್ತದೆ. ನಲವತ್ತರ ಆಸುಪಾಸಿನಲ್ಲಿರುವವರಿಗೆ ಇನ್ನೊಂದು ಮಾತು. ಓದುವ ಕನ್ನಡಕದ ಅಗತ್ಯ ಆ ವಯಸ್ಸಿನಲ್ಲಿ ಶುರುವಾಗುತ್ತದೆ. ಪುಸ್ತಕದ ದೂರಕ್ಕೆ ಕೊಟ್ಟ ನಂಬರು ಕಂಪ್ಯೂಟರಿನ ದೂರಕ್ಕೆ ಸರಿಹೊಂದುವುದಿಲ್ಲ. ಪರೀಕ್ಷೆಗೆ ಹೋಗುವಾಗ ನಿಮ್ಮ ಕುರ್ಚಿಯಿಂದ ಪರದೆಗೆ ಎಷ್ಟು ದೂರ ಎಂದು ಟೇಪಿನಲ್ಲಿ ಅಳೆದುಕೊಂಡು ಹೋಗಿ ಹೇಳಿ. ಆ ಅಳತೆಯೊಂದು ಕೈಯಲ್ಲಿದ್ದರೆ ನಮ್ಮ ಕೆಲಸ ಬಹಳ ಸುಲಭವಾಗುತ್ತದೆ.

ಗಾಳಿ ನೇರವಾಗಿ ಮುಖಕ್ಕೆ ಬಡಿಯಬಾರದು. ಎಸಿಯ ಗಾಳಿಯ ದಿಕ್ಕು ಬದಲಿಸಿ, ಇಲ್ಲವೇ ಕುರ್ಚಿ ಬದಲಿಸಿ. ಟೇಬಲ್ ಫ್ಯಾನನ್ನು ಬೆನ್ನಿನ ಕಡೆ ಇಡಿ. ದ್ವಿಚಕ್ರ ವಾಹನದಲ್ಲಿ ಮನೆಗೆ ಹೋಗುವವರು ಹೆಲ್ಮೆಟ್ಟಿನ ಗಾಜು ಇಳಿಸಿಕೊಳ್ಳಿ. ದಿನವಿಡೀ ಒಣಗಿದ ಕಣ್ಣಿಗೆ ಸಂಜೆಯ ಗಾಳಿ ಮತ್ತು ದೂಳು ಗಾಯದ ಮೇಲೆ ಬರೆ ಎಳೆದಂತೆ.

ಹಂತ ಮೂರು: ಬಿಸಿ ಶಾಖ

ಕಣ್ಣು ಉರಿದರೆ ನಮ್ಮ ಕಡೆ ಮೊದಲು ಬರುವ ಮಾತು "ಉಷ್ಣವಾಗಿದೆ, ತಂಪು ಮಾಡು". ಸೌತೆಕಾಯಿಯ ಬಿಲ್ಲೆ, ತಣ್ಣೀರಿನ ಬಟ್ಟೆ ಮುಚ್ಚಿದ ಕಣ್ಣಿನ ಮೇಲಿಟ್ಟರೆ ಆ ಹೊತ್ತಿಗೆ ಹಿತವಾಗುತ್ತದೆ, ಅಲರ್ಜಿಯ ತುರಿಕೆಗೆ ತಂಪು ಒಳ್ಳೆಯದೂ ಹೌದು. ಆದರೆ ಗಟ್ಟಿಯಾದ ಎಣ್ಣೆಗೆ ತಂಪು ಉಪಯೋಗವಿಲ್ಲ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿಲಿಗೆ ಇಡುತ್ತೇವಲ್ಲ, ರೆಪ್ಪೆಯ ಎಣ್ಣೆಗೂ ಅದೇ ಉಪಚಾರ ಬೇಕು.

ಎರಡು ಶುಭ್ರವಾದ ಹತ್ತಿಯ ಕರವಸ್ತ್ರ, ಒಂದು ಫ್ಲಾಸ್ಕಿನಲ್ಲಿ ಬಿಸಿನೀರು, ಒಂದು ಬಟ್ಟಲು ತೆಗೆದುಕೊಳ್ಳಿ. ಕೈ ತೊಳೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದಿಡಿ. ನೀರಿನ ಬಿಸಿ ಸುಮಾರು 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಕು. ಮಗುವಿಗೆ ಸ್ನಾನ ಮಾಡಿಸುವ ನೀರಿಗಿಂತ ತುಸು ಹೆಚ್ಚು ಎನ್ನಬಹುದು. ಬಟ್ಟೆ ಅದ್ದಿ ಹಿಂಡಿ ಮಣಿಕಟ್ಟಿನ ಒಳಬದಿಗೆ ಮುಟ್ಟಿಸಿ, ಅಲ್ಲಿ ಚುರ್ರೆಂದರೆ ಕಣ್ಣಿಗೆ ಬೇಡ. ಮಡಿಸಿ ಮುಚ್ಚಿದ ಎರಡೂ ಕಣ್ಣುಗಳ ಮೇಲಿಡಿ. ಎಲ್ಲರೂ ಎಡವುವುದು ಇಲ್ಲಿ. ಒದ್ದೆ ಬಟ್ಟೆ ಎರಡು ನಿಮಿಷಕ್ಕೆಲ್ಲ ತಣ್ಣಗಾಗುತ್ತದೆ, ನಾವು ಹತ್ತು ನಿಮಿಷ ಅದನ್ನೇ ಇಟ್ಟುಕೊಂಡು ಮಲಗುತ್ತೇವೆ. ಹಾಗಾಗಿಯೇ ಎರಡು ಬಟ್ಟೆ. ಒಂದು ಆರುವ ಹೊತ್ತಿಗೆ ಇನ್ನೊಂದನ್ನು ಅದ್ದಿ ಬದಲಿಸುತ್ತಾ ಒಟ್ಟು ಎಂಟು ಹತ್ತು ನಿಮಿಷ ಬಿಸಿ ನಿಲ್ಲಬೇಕು. ಕಣ್ಣಿನ ಮೇಲಿಡುವ ಬಿಸಿ ಪಟ್ಟಿಗಳು ಅಂಗಡಿಯಲ್ಲಿ ಸಿಗುತ್ತವೆ, ಅವು ಹೆಚ್ಚು ಹೊತ್ತು ಬಿಸಿ ಹಿಡಿಯುತ್ತವೆ.

ಬಟ್ಟೆ ತೆಗೆದ ಕೂಡಲೇ, ಎಣ್ಣೆ ಕರಗಿರುವಾಗಲೇ, ರೆಪ್ಪೆಯನ್ನು ಸವರಬೇಕು. ಕಣ್ಣು ಮುಚ್ಚಿಕೊಂಡು ಮೇಲಿನ ರೆಪ್ಪೆಯನ್ನು ಹುಬ್ಬಿನ ಕಡೆಯಿಂದ ಕೂದಲಿನ ಕಡೆಗೆ, ಕೆಳಗಿನದನ್ನು ಕೆನ್ನೆಯ ಕಡೆಯಿಂದ ಕೂದಲಿನ ಕಡೆಗೆ ಬೆರಳ ತುದಿಯಿಂದ ಮೆಲ್ಲಗೆ ಐದಾರು ಸಲ ಸವರಿ. ಚರ್ಮ ಸರಿಯುವಷ್ಟು ಒತ್ತಡ ಸಾಕು, ಗುಡ್ಡೆಯನ್ನು ಒತ್ತಬಾರದು. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ರೆಪ್ಪೆಗೂದಲಿನ ಬುಡವನ್ನು ಅಡ್ಡಲಾಗಿ ಒರೆಸಿ, ಕಣ್ಣಿಗೊಂದು ಹೊಸ ಹತ್ತಿ ಬಳಸಿ. ಬುಡದಲ್ಲಿ ತಲೆಹೊಟ್ಟಿನಂತಹ ಹುಡಿ ಅಂಟಿದ್ದರೆ ರೆಪ್ಪೆಯಂಚಿನ ಉರಿಯೂತವಿದೆ ಎಂದು ವೈದ್ಯರಿಗೆ ತೋರಿಸಿ. ಕಾಡಿಗೆಯನ್ನು ಕೂದಲಿನ ಒಳಗಿನ ಅಂಚಿಗೆ ಹಚ್ಚುವವರು ಆ ರೂಢಿಯನ್ನು ಬಿಡುವುದು ಒಳ್ಳೆಯದು. ಎಣ್ಣೆ ಬರುವ ತೂತುಗಳು ಇರುವುದು ಅಲ್ಲಿಯೇ.

ಮೊದಲ ನಾಲ್ಕು ವಾರ ದಿನಕ್ಕೆ ಎರಡು ಸಲ, ಆಮೇಲೆ ದಿನಕ್ಕೊಮ್ಮೆ. ಒಂದೆರಡು ದಿನದಲ್ಲಿ ಫಲ ಕಾಣುವುದಿಲ್ಲ, ಎರಡು ಮೂರು ವಾರ ಬೇಕು. ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆದವರು ಮತ್ತು ಕಾರ್ನಿಯಾ ಶಂಕುವಿನಂತೆ ಉಬ್ಬುವ ಕೆರಾಟೊಕೋನಸ್ ಇರುವವರು ವೈದ್ಯರನ್ನು ಕೇಳದೆ ಬಿಸಿ ಶಾಖ, ಸವರುವುದು ಎರಡನ್ನೂ ಮಾಡಬಾರದು.

ಹಂತ ನಾಲ್ಕು: ಹನಿಯನ್ನು ಆರಿಸುವುದು, ಹಾಕುವುದು

ಕೃತಕ ಕಣ್ಣೀರು ಎಂದು ಕರೆಯುವ ಹನಿಗಳು ಕಣ್ಣನ್ನು ತೇವವಾಗಿಡುತ್ತವೆ. ಲೇಬಲ್ಲಿನಲ್ಲಿ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅಥವಾ ಸೋಡಿಯಂ ಹಯಲುರೊನೇಟ್ ಎಂಬ ಹೆಸರಿರುತ್ತದೆ. ಮೊದಲನೆಯದು ಸಾಮಾನ್ಯವಾಗಿ ಶೇಕಡಾ 0.5ರಲ್ಲಿ ಸಿಗುತ್ತದೆ. ಶೇಕಡಾ 1ರದ್ದು ಮಂದವಾಗಿರುವುದರಿಂದ ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ಹಾಕಿದ ಕೆಲವು ನಿಮಿಷ ನೋಟ ಮಸುಕು. ಏಳುವಾಗಲೇ ಕಣ್ಣು ಒಣಗಿರುವವರಿಗೆ ಮಲಗುವ ಮುನ್ನ ಹಾಕುವ ಜೆಲ್ ಹೊಂದುತ್ತದೆ.

ಇನ್ನೊಂದು ಹೆಸರನ್ನೂ ಹುಡುಕಿ, ಬೆಂಜಾಲ್ಕೋನಿಯಂ ಕ್ಲೋರೈಡ್. ಬಾಟಲಿಯಲ್ಲಿ ಸೋಂಕಿನ ಜೀವಿಗಳು ಬೆಳೆಯದಂತೆ ಹಾಕುವ ರಾಸಾಯನಿಕ ಅದು. ಪದೇಪದೇ ಬಿದ್ದರೆ ಅದೇ ಕಣ್ಣಿನ ಮೇಲ್ಪದರವನ್ನು ಕೆರಳಿಸುತ್ತದೆ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಹನಿ ಬೇಕಾಗುವವರು ಸಂರಕ್ಷಕವಿಲ್ಲದ್ದನ್ನೇ ಕೇಳಿ ಪಡೆಯಬೇಕು. ಬೆಲೆ ಹೆಚ್ಚಾದರೂ ಇಂಥವರಿಗೆ ಅದು ಬೇಕೇ ಬೇಕು. ಸಾಮಾನ್ಯ ಬಾಟಲಿ ತೆರೆದ ದಿನವನ್ನು ಪೆನ್ನಿನಲ್ಲಿ ಬರೆದಿಟ್ಟು, ಒಂದು ತಿಂಗಳಾದ ಮೇಲೆ ಉಳಿದಿದ್ದರೂ ಎಸೆಯಿರಿ.

ತಲೆ ಹಿಂದಕ್ಕೆ ಬಾಗಿಸಿ, ಕೆಳಗಿನ ರೆಪ್ಪೆಯನ್ನು ಬೆರಳಿನಿಂದ ಕೆಳಕ್ಕೆಳೆದರೆ ಒಂದು ಪುಟ್ಟ ಜೇಬಿನಂತಾಗುತ್ತದೆ. ಅದರೊಳಗೆ ಒಂದೇ ಹನಿ. ಎರಡನೆಯದಕ್ಕೆ ಅಲ್ಲಿ ಜಾಗವಿಲ್ಲ, ಕೆನ್ನೆಗೆ ಹೋಗುತ್ತದೆ. ಬಾಟಲಿಯ ಮೂತಿ ಕಣ್ಣಿಗೋ ಕೂದಲಿಗೋ ತಾಗಬಾರದು. ಹಾಕಿದ ಮೇಲೆ ಪಟಪಟ ಮಿಟುಕಿಸದೆ ಒಂದು ನಿಮಿಷ ಮೆಲ್ಲಗೆ ಮುಚ್ಚಿಕೊಂಡಿರಿ. ಬೇರೆ ಔಷಧದ ಹನಿಯೂ ಇದ್ದರೆ ನಡುವೆ ಐದು ನಿಮಿಷ ಬಿಡಿ. ಉರಿ ಬಂದ ಮೇಲೆ ಹಾಕುವುದಕ್ಕಿಂತ ಗೊತ್ತಾದ ಹೊತ್ತಿಗೆ, ಉದಾಹರಣೆಗೆ ಬೆಳಿಗ್ಗೆ ಕೆಲಸಕ್ಕೆ ಕೂರುವ ಮುನ್ನ, ಊಟದ ನಂತರ, ಸಂಜೆ ನಾಲ್ಕಕ್ಕೆ ಹಾಕಿಕೊಂಡರೆ ಫಲ ಹೆಚ್ಚು.

ಎರಡು ಬಗೆಯ ಹನಿಗಳನ್ನು ನೀವಾಗಿಯೇ ಕೊಳ್ಳಬೇಡಿ. ಒಂದು, ಆ ಹೆಣ್ಣುಮಗಳು ತಂದಿದ್ದಂತಹ ಕೆಂಪು ತೆಗೆಯುವ ಹನಿ. ಅದರಲ್ಲಿ ನಾಫಜೋಲಿನ್‌ನಂತಹ ರಕ್ತನಾಳ ಕುಗ್ಗಿಸುವ ಔಷಧವಿರುತ್ತದೆ. ಹಾಕಿದೊಡನೆ ಕಣ್ಣು ಬೆಳ್ಳಗಾಗುತ್ತದೆ, ಔಷಧ ಇಳಿದ ಮೇಲೆ ಮೊದಲಿಗಿಂತ ಕೆಂಪಾಗುತ್ತದೆ, ಮತ್ತೆ ಹನಿ ಬೇಕಾಗುತ್ತದೆ. ಒಣಗುವುದು ಅದರಿಂದ ನಿಲ್ಲುವುದಿಲ್ಲ. ಇನ್ನೊಂದು ಸ್ಟೀರಾಯ್ಡ್ ಇರುವ ಹನಿ. ಅದು ಎರಡೇ ದಿನದಲ್ಲಿ ಕಣ್ಣನ್ನು ಹಗುರ ಮಾಡುತ್ತದೆ, ಹಾಗಾಗಿಯೇ ಜನ ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ಹಾಕಿಕೊಳ್ಳುತ್ತಾರೆ. ಅದು ಯಾವ ನೋವೂ ಇಲ್ಲದೆ ಕಣ್ಣಿನೊಳಗಿನ ಒತ್ತಡವನ್ನು ಏರಿಸಿ ಗ್ಲಾಕೋಮಾ ತರಬಲ್ಲದು, ಪೊರೆಯನ್ನು ಬೇಗ ತರಬಲ್ಲದು, ಕಾರ್ನಿಯಾದಲ್ಲಿ ವೈರಸ್ ಅಥವಾ ಶಿಲೀಂಧ್ರದ ಸೋಂಕಿದ್ದರೆ ಕಣ್ಣನ್ನೇ ಹಾಳುಮಾಡಬಲ್ಲದು. ವೈದ್ಯರು ಬರೆದುಕೊಟ್ಟಿದ್ದರೆ ಅವರು ಹೇಳಿದಷ್ಟು ದಿನ ಮಾತ್ರ, ಮಧ್ಯೆ ಒತ್ತಡ ಅಳೆಸಿಕೊಳ್ಳುತ್ತಾ.

ನಂದಿಬಟ್ಟಲಿನ ಹೂವನ್ನು ಮುಚ್ಚಿದ ಕಣ್ಣಿನ ಮೇಲಿಟ್ಟುಕೊಂಡು ಮಲಗುವ ನಮ್ಮ ಅಜ್ಜಿಯರ ಪದ್ಧತಿಯಿಂದ ಹಾನಿಯಿಲ್ಲ. ಹೂವಿನ ರಸ, ಜೇನುತುಪ್ಪ, ಎದೆಹಾಲು, ಪನ್ನೀರು, ಹರಳೆಣ್ಣೆ ಕಣ್ಣಿನೊಳಗೆ ಹಾಕುವುದು ಬೇರೆ ಮಾತು. ಇವು ಯಾವುವೂ ಸೋಂಕುಮುಕ್ತವಲ್ಲ. ಒಣಗಿ ಗೀರಿದ ಕಾರ್ನಿಯಾದ ಮೇಲೆ ಬಿದ್ದರೆ ಹುಣ್ಣಾಗಬಹುದು, ಆ ಹುಣ್ಣು ಮಾಯ್ದರೂ ಬಿಳಿಯ ಕಲೆ ಉಳಿದು ನೋಟಕ್ಕೆ ಅಡ್ಡ ಬರುತ್ತದೆ.

ದುಡ್ಡು ಉಳಿಸಬಹುದಾದ ಎರಡು ಕಡೆಗಳನ್ನೂ ಹೇಳಿಬಿಡುತ್ತೇನೆ. ನೀಲಿ ಬೆಳಕು ತಡೆಯುವ ಕನ್ನಡಕದಿಂದ ಪರದೆಯ ದಣಿವು ಕಡಿಮೆಯಾಗುತ್ತದೆ ಎನ್ನಲು ಆಧಾರ ಸಿಕ್ಕಿಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2023ರ ಕಾಕ್ರೇನ್ ಸಮೀಕ್ಷೆ ಹೀಗೇ ಹೇಳಿತು. ಮೀನೆಣ್ಣೆಯ ಒಮೆಗಾ-3 ಗುಳಿಗೆಗಳನ್ನು 2018ರಲ್ಲಿ ಪ್ರಕಟವಾದ ಡ್ರೀಮ್ ಎಂಬ ದೊಡ್ಡ ಪ್ರಯೋಗ ಆಲಿವ್ ಎಣ್ಣೆಯ ಗುಳಿಗೆಗಳ ಜೊತೆ ಹೋಲಿಸಿ ನೋಡಿತು. ಒಣಕಣ್ಣಿಗೆ ಅವುಗಳಿಂದ ಹೆಚ್ಚಿನ ಲಾಭ ಕಾಣಲಿಲ್ಲ.

ಕಣ್ಣಿನ ವೈದ್ಯರನ್ನು ಕಾಣುವುದು ಯಾವಾಗ

ಕೆಲವು ಲಕ್ಷಣಗಳಿಗೆ ಮನೆ ಆರೈಕೆ ಮಾಡುತ್ತಾ ಕೂರಬಾರದು, ಅದೇ ದಿನ ಹೋಗಬೇಕು. ಉರಿ ಅಲ್ಲ, ನಿಜವಾದ ನೋವು ಇದ್ದರೆ. ನೋಟ ಕುಂದಿ ಮಿಟುಕಿಸಿದರೂ ತಿಳಿಯಾಗದಿದ್ದರೆ. ಬೆಳಕನ್ನು ನೋಡಲಾಗದಂತಾದರೆ. ಒಂದೇ ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ಹಳದಿ ಗೀಜು ಬರುತ್ತಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ನೋವಿನ ಜೊತೆ ಕಣ್ಣು ಕೆಂಪಾದರೆ ಲೆನ್ಸ್ ತೆಗೆದು ನೇರ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಎಂದು ಕಾಯಬಾರದು. ಕಣ್ಣುನೋವಿನ ಜೊತೆ ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಾಣಿಸಿದರೆ ಅದು ಕಣ್ಣಿನ ಒತ್ತಡ ಒಮ್ಮೆಲೇ ಏರಿದ ತುರ್ತು ಸ್ಥಿತಿ ಇರಬಹುದು. ಗ್ರೈಂಡರಿನ ಅಥವಾ ವೆಲ್ಡಿಂಗಿನ ಕಿಡಿ ಹಾರಿದ ಮೇಲೆ ಕರಕರ ಶುರುವಾದರೆ ಅದು ಒಣಕಣ್ಣಲ್ಲ, ಒಳಗೆ ಲೋಹದ ಚೂರು ಸಿಕ್ಕಿರಬಹುದು.

ಇವು ಯಾವುವೂ ಇಲ್ಲದೆ, ಮೇಲಿನ ನಾಲ್ಕೂ ಹಂತಗಳನ್ನು ನಾಲ್ಕರಿಂದ ಆರು ವಾರ ತಪ್ಪದೆ ಮಾಡಿಯೂ ಹಗುರವಾಗದಿದ್ದರೆ ಆಗಲೂ ಹೋಗಿ. ಬಾಯಿಯೂ ಒಣಗಿ, ಒಣ ರೊಟ್ಟಿ ನುಂಗಲು ನೀರು ಬೇಕಾಗುತ್ತಿದ್ದರೆ, ಕೀಲುನೋವೂ ಇದ್ದರೆ ಅಷ್ಟು ವಾರ ಕಾಯಬೇಡಿ. ದೇಹದ ರೋಗನಿರೋಧಕ ಶಕ್ತಿಯೇ ಕಣ್ಣೀರು ಮತ್ತು ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿಬೀಳುವ ಶೋಗ್ರನ್ ಕಾಯಿಲೆಯಲ್ಲಿ ಹೀಗಾಗುತ್ತದೆ, ಅದಕ್ಕೆ ರಕ್ತಪರೀಕ್ಷೆ ಬೇಕು. ಮಧುಮೇಹ, ಥೈರಾಯ್ಡ್ ತೊಂದರೆ ಇರುವವರೂ ಬೇಗ ತೋರಿಸಿಕೊಳ್ಳುವುದು ಒಳಿತು. ನೆಗಡಿಯ ಅಲರ್ಜಿಗೆ ತಿನ್ನುವ ಸೆಟಿರಿಜಿನ್, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಖಿನ್ನತೆಯ ಕೆಲವು ಮಾತ್ರೆಗಳು ಕಣ್ಣನ್ನು ಒಣಗಿಸಬಲ್ಲವು. ಅವನ್ನು ನೀವಾಗಿಯೇ ನಿಲ್ಲಿಸದೆ ಬರೆದುಕೊಟ್ಟ ವೈದ್ಯರ ಗಮನಕ್ಕೆ ತನ್ನಿ.

ಅಲ್ಲಿ ನಡೆಯುವ ಪರೀಕ್ಷೆಗಳಲ್ಲಿ ನೋವಿಲ್ಲ. ಆ ಹೆಣ್ಣುಮಗಳಿಗೆ ಮೊದಲು ಶಿರ್ಮರ್ ಪರೀಕ್ಷೆ ಮಾಡಿದೆ. ತೆಳುವಾದ ಕಾಗದದ ಪಟ್ಟಿಯ ತುದಿಯನ್ನು ಕೆಳಗಿನ ರೆಪ್ಪೆಯೊಳಗೆ ಸಿಕ್ಕಿಸಿ ಐದು ನಿಮಿಷದಲ್ಲಿ ಎಷ್ಟು ಒದ್ದೆಯಾಯಿತು ಎಂದು ಅಳೆಯುತ್ತೇವೆ. ಹತ್ತು ಮಿಲಿಮೀಟರಿಗಿಂತ ಕಡಿಮೆಯಾದರೆ ನೀರೇ ಕೊರತೆ ಎಂದು ಸಂಶಯ. ಅವರದು 17 ಇತ್ತು, ನೀರಿಗೆ ಕೊರತೆಯಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಫ್ಲೂರೆಸೀನ್ ಎಂಬ ಬಣ್ಣ ತಾಗಿಸಿ ನೀಲಿ ಬೆಳಕಿನಲ್ಲಿ ನೋಡಿದೆ. ಕಣ್ಣೆಲ್ಲ ಹಸಿರಾಗಿ ಹೊಳೆಯುತ್ತಿದ್ದ ಪದರದಲ್ಲಿ ನಾಲ್ಕನೆಯ ಸೆಕೆಂಡಿಗೆ ಕಪ್ಪು ತೂತುಗಳು ಬಿದ್ದವು. ಹತ್ತು ಸೆಕೆಂಡಾದರೂ ಅದು ಒಡೆಯದೆ ನಿಲ್ಲಬೇಕಿತ್ತು. ಕಾರ್ನಿಯಾದ ಕೆಳಭಾಗದಲ್ಲಿ, ಅರ್ಧ ಮಿಟುಕು ತಲುಪದ ಕಡೆ, ಬಣ್ಣ ಹಿಡಿದ ಸಣ್ಣ ಚುಕ್ಕೆಗಳಿದ್ದವು. ವೈದ್ಯರು ರೆಪ್ಪೆಯ ಅಂಚನ್ನು ಮೆಲ್ಲಗೆ ಒತ್ತಿದಾಗ ತಿಳಿ ಎಣ್ಣೆಯ ಬದಲು ಟೂತ್‌ಪೇಸ್ಟಿನಂತಹ ಬಿಳಿ ದ್ರವ್ಯ ಬಂತು.

ಕೆಂಪು ತೆಗೆಯುವ ಹನಿಯನ್ನು ವೈದ್ಯರು ಅಂದೇ ನಿಲ್ಲಿಸಿದರು. ಮೊದಲ ವಾರ ಕಣ್ಣು ಇನ್ನೂ ಕೆಂಪಾಗುತ್ತದೆ ಎಂದು ಮುಂಚೆಯೇ ಹೇಳಿದ್ದರಿಂದ ಅವರು ಹೆದರಲಿಲ್ಲ. ಬಿಸಿ ಶಾಖ, ಮಿಟುಕು, ಇಳಿಸಿದ ಮಾನಿಟರ್, ದಿನಕ್ಕೆ ನಾಲ್ಕು ಸಲ ಕೃತಕ ಕಣ್ಣೀರು, ಇಷ್ಟೇ ಚಿಕಿತ್ಸೆ. ಆರು ವಾರದ ಮೇಲೆ ಬಂದಾಗ ಪದರ ಒಂಬತ್ತು ಸೆಕೆಂಡು ನಿಂತಿತು, ಚುಕ್ಕೆಗಳು ಹೋಗಿದ್ದವು. 20ನೆಯ ತಾರೀಕಿನ ಹಿಂದಿನ ರಾತ್ರಿ ಮಾತ್ರ ಈಗಲೂ ಉರಿಯುತ್ತದೆ ಎಂದರು. ಆ ವಾರಗಳಲ್ಲಿ ಹನಿಯನ್ನು ಎರಡು ಸಲ ಹೆಚ್ಚು ಹಾಕಿಕೊಳ್ಳಲು, ಅದಕ್ಕಾಗಿ ಸಂರಕ್ಷಕವಿಲ್ಲದ್ದಕ್ಕೆ ಬದಲಿಸಲು ವೈದ್ಯರು ಬರೆದುಕೊಟ್ಟರು.

ನೀವು ಹೋಗುವಾಗ ಈಗ ಹಾಕುತ್ತಿರುವ ಎಲ್ಲ ಹನಿಗಳ ಬಾಟಲಿ, ತಿನ್ನುತ್ತಿರುವ ಮಾತ್ರೆಗಳ ಪಟ್ಟಿ, ಇರುವ ಕನ್ನಡಕ, ಪರದೆಯ ದೂರದ ಅಳತೆ ತೆಗೆದುಕೊಂಡು ಹೋಗಿ. ಮುಚ್ಚಳ ಕಳೆದುಹೋದ, ಹೆಸರು ಅಳಿಸಿದ ಬಾಟಲಿಯಾದರೂ ಸರಿ. ಅಂದು ಕಾಡಿಗೆ ಹಚ್ಚಿಕೊಳ್ಳಬೇಡಿ, ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳಬೇಡಿ, ಪರೀಕ್ಷೆಗೆ ಎರಡು ಗಂಟೆ ಮೊದಲಿನಿಂದ ಕೃತಕ ಕಣ್ಣೀರನ್ನೂ ಹಾಕಬೇಡಿ. ಗ್ಲಾಕೋಮಾದಂತಹ ಕಾಯಿಲೆಗೆ ಹಾಕುವ ಹನಿಗಳನ್ನು ಮಾತ್ರ ಎಂದಿನಂತೆ ಹಾಕಿಕೊಂಡೇ ಹೋಗಿ.